ಮೂರನೆಯ ಕಟ್ಟು

"ಎಂಟನೇ ಕ್ಲಾಸು ದಾಟದವನು ಏಣಿ ಹತ್ತಿದ ತಕ್ಷಣ ಮೇಲಿನವನಾಗಿಬಿಡಲ್ಲ. ಬಟ್ಟೆ ಕಟ್ಟೋಕೆ ಕರೆದಿದ್ದೀವಿ, ಬಟ್ಟೆ ಕಟ್ಟು. ಬ್ರ್ಯಾಂಡ್ ವಿಷಯ ಓದಿದವರು ನೋಡ್ಕೋತಾರೆ."

ಸ್ಲೈಡ್ ಸಾರ್ ಇದನ್ನು ಮೈಕಿನಲ್ಲೇ ಹೇಳಿದರು. ಕ್ಯಾಂಟೀನ್ ಹಾಲಿನಲ್ಲಿ ಆಗ ಇಪ್ಪತ್ತು ಜನರಾದರೂ ಇದ್ದರು. ಎಲ್ಲ ವಿಭಾಗದ ಮೇಲ್ವಿಚಾರಕರು, ಮೈಕಿನವರು, ಕುರ್ಚಿ ಜೋಡಿಸುವವರು. ನಕ್ಕವರು ನಕ್ಕರು. ನಗದವರು ಕುರ್ಚಿಯ ಕಾಲು ನೋಡಿದರು. ನಾನು ಏಣಿಯ ತುದಿಯಲ್ಲಿ, ಹೊಸ ಬೋರ್ಡಿನ ಮೇಲೆ ಮುಚ್ಚುವ ಬಿಳಿ ಬಟ್ಟೆಯ ಮೂಲೆಯನ್ನು ಮತ್ತೆ ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ಬಾಯಲ್ಲಿ ಬಟ್ಟೆ ಇದ್ದದ್ದು ಒಳ್ಳೆಯದೇ ಆಯಿತು.

ಮರುದಿನ ಯಜಮಾನರು ಕಂಪನಿಯ ಹೊಸ ಗುರುತನ್ನು ಬಿಡುಗಡೆ ಮಾಡಿ ಭಾಷಣ ಮಾಡುವವರಿದ್ದರು. ಹೊರಗಿನವರಿಗೆ ಮುಂದಿನ ವಾರ. ಮೊದಲು ನಮ್ಮವರಿಗೆ ಗೊತ್ತಾಗಬೇಕು, ಪತ್ರಿಕೆ ಓದಿ ತಿಳಿಯಬಾರದು ಎಂದು ಅವರದೇ ಹಟ. ಅಲ್ಲಿಯವರೆಗೆ ಫೋಟೊ ತೆಗೆಯಬಾರದು, ಹೊರಗೆ ಬಾಯಿ ಬಿಡಬಾರದು. ಅವತ್ತು ಅದರ ತಾಲೀಮು. ಯಜಮಾನರ ಜಾಗದಲ್ಲಿ ನಿಂತು ಸ್ಲೈಡ್ ಸಾರ್ ಭಾಷಣ ಓದುತ್ತಿದ್ದರು. ಅವರಿಗೆ ಹೆಸರಿದೆ, ದೊಡ್ಡ ಪದವಿಯೂ ಇದೆ. ಆದರೆ ಏನು ಕೇಳಿದರೂ "ಅದು ಮುಂದಿನ ಸ್ಲೈಡಲ್ಲಿ ಬರುತ್ತೆ" ಎನ್ನುವುದರಿಂದ ಕಾರ್ಖಾನೆಯಲ್ಲಿ ಅವರು ಸ್ಲೈಡ್ ಸಾರ್.

ನಮ್ಮ ಗುರುತು ಸರಳ. ಒಂದು ಬಳೆ, ನಡುವೆ ಒಂದು ನೀರಿನ ಹನಿ. ಬಳೆ ಪೂರ್ತಿ ಕೂಡಿಲ್ಲ, ಮೂರು ಕಡೆ ಬೆರಳಗಲ ಖಾಲಿ ಬಿಟ್ಟಿದೆ. ಮೂವತ್ತು ವರ್ಷದಿಂದ ಪ್ರತಿ ಪಂಪಿನ ಹೊಟ್ಟೆಯ ಮೇಲೂ ಅದೇ. ಸ್ಲೈಡ್ ಸಾರ್ ಓದಿದರು: "ಈ ಮೂರು ತೆರವುಗಳು ನಮ್ಮ ಮೂರು ಮೌಲ್ಯಗಳು. ನಂಬಿಕೆ, ಮುಕ್ತತೆ, ಸೇವೆ. ಮೊದಲ ವರ್ಷವೇ ನಮ್ಮ ಸಂಸ್ಥಾಪಕರು ಇವನ್ನು ಮನಸ್ಸಿನಲ್ಲಿಟ್ಟು ಬಳೆಯನ್ನು ತೆರೆದಿಟ್ಟರು."

ನಾನು ನಕ್ಕುಬಿಟ್ಟೆ. ಅದೇ ತಪ್ಪು. ನಕ್ಕು ಸುಮ್ಮನಾಗಲೂ ಇಲ್ಲ. "ಸಾರ್, ಅದು ಕಟ್ಟು. ಅದಿಲ್ಲದಿದ್ರೆ ನಡುವಿನ ತಗಡು ಕಳಚಿ ಬೀಳುತ್ತೆ" ಎಂದೆ. ಆಗ ಬಂತು ಎಂಟನೇ ಕ್ಲಾಸಿನ ಮಾತು.

ಯಾರಾದರೂ ಒಂದು ತಗಡು ತೆಗೆದುಕೊಂಡು ಅದರಲ್ಲಿ ಪೂರ್ತಿ ಬಳೆ ಕತ್ತರಿಸಿ ನೋಡಲಿ. ಬಳೆಯ ಒಳಗಿನ ಬಿಲ್ಲೆ ಕೆಳಗೆ ಬೀಳುತ್ತದೆ. ಬೀಳದಿರಬೇಕಾದರೆ ಅಲ್ಲಲ್ಲಿ ಸಣ್ಣ ಪಟ್ಟಿ ಕತ್ತರಿಸದೆ ಬಿಡಬೇಕು. ಅದನ್ನು ನಾವು ಕಟ್ಟು ಎನ್ನುತ್ತೇವೆ. ಆ ಸ್ಟೆನ್ಸಿಲ್ ತಗಡನ್ನು ಪಂಪಿಗೆ ಒತ್ತಿ ಹಿಡಿದು ಬಣ್ಣ ಹೊಡೆದರೆ, ಕಟ್ಟು ಇದ್ದಲ್ಲಿ ಬಣ್ಣ ಕೂರುವುದಿಲ್ಲ. ಅಷ್ಟೇ. ಇದನ್ನು ತಿಳಿಯಲು ಒಂಬತ್ತನೇ ಕ್ಲಾಸಿನ ಅಗತ್ಯ ನನಗೆ ಕಾಣಲಿಲ್ಲ.

ಬಣ್ಣದ ಮನೆಗೆ ಬಂದಾಗ ಚಿಕ್ಕಪ್ಪ ಸ್ಪ್ರೇ ಗನ್ನಿನ ಮೂತಿ ಬಿಚ್ಚಿ ಥಿನ್ನರಿನಲ್ಲಿ ಅದ್ದುತ್ತಿದ್ದರು. ನನ್ನನ್ನು ಸಾಕಿದವರು ಅವರೇ, ಕೆಲಸ ಕಲಿಸಿದವರೂ ಅವರೇ. ಆ ಗುರುತಿನ ಮೊದಲ ತಗಡು ಕತ್ತರಿಸಿದ್ದೂ ಅವರ ಕೈ. ತಿಂಗಳ ಕೊನೆಗೆ ನಿವೃತ್ತಿ.

ಸುದ್ದಿ ನನಗಿಂತ ಮೊದಲೇ ಬಂದಿತ್ತು.

"ಏಣಿ ಮೇಲೆ ನಿಂತು ಪಾಠ ಮಾಡಿದೆಯಂತೆ?"

"ಮೂರೂ ಮೌಲ್ಯ ಅಂತೆ ಚಿಕ್ಕಪ್ಪ. ಎಡಗಡೆದು ನಂಬಿಕೆ. ಬಲಗಡೆದು ಮುಕ್ತತೆ."

"ಕೆಳಗಡೆದು?"

"ಸೇವೆ."

ಚಿಕ್ಕಪ್ಪ ಎಷ್ಟು ನಕ್ಕರೆಂದರೆ ಕೆಮ್ಮು ಬಂತು. "ಅಯ್ಯೋ, ಅದು ಸೇವೆ ಅಲ್ವೋ ಮಾರಾಯ. ಅದು ನನ್ನ ತಪ್ಪು!"

ಆ ಕತೆ ನನಗೆ ಬಾಯಿಪಾಠ, ಆದರೂ ಕೇಳಿದೆ. ಮೊದಲ ತಗಡಿಗೆ ಅವರು ಎರಡೇ ಕಟ್ಟು ಬಿಟ್ಟಿದ್ದರು. ನಲವತ್ತು ಪಂಪು ಹೊಡೆಯುವಷ್ಟರಲ್ಲಿ ಬಿಲ್ಲೆಯ ಕೆಳಗಿನ ಅಂಚು ಮೇಲೆದ್ದು ಬಣ್ಣ ಅಡಿಗೆ ನುಗ್ಗಿತು. ಪ್ರತಿ ಪಂಪಿನ ಮೇಲೂ ಹನಿಯ ಕೆಳಗೆ ಬಣ್ಣ ಸೋರಿದ ಗೆರೆ. ಆಗ ಯಜಮಾನರು ಯಜಮಾನರಾಗಿರಲಿಲ್ಲ. ಒಂದು ಬಾಡಿಗೆ ಶೆಡ್ಡು, ಒಂದು ಲೇತು, ಇಬ್ಬರು ಕೆಲಸದವರು. ಪಂಪು ನೋಡಿ, "ಏನೋ ಇದು, ಮಾಲು ಅಳ್ತಾ ಇದೆಯಲ್ಲೋ. ಕೆಳಗೂ ಒಂದು ಕಟ್ಟು ಹಾಕು" ಎಂದರಂತೆ. ಹೊಸ ತಗಡು ಕತ್ತರಿಸುವಾಗ ಪಕ್ಕದಲ್ಲಿ ಕೂತು ಲಾಂದ್ರ ಹಿಡಿದವರೂ ಅವರೇ.

"ನಾಳೆ ಹೇಳ್ತಾರೆ ಬಿಡು," ಎಂದರು ಚಿಕ್ಕಪ್ಪ. "ಮೊನ್ನೆ ಮೆಟ್ಟಿಲ ಹತ್ರ ಸಿಕ್ಕಾಗ ಅವರೇ ಹೇಳಿದ್ರು. 'ಶುಕ್ರವಾರ ತಪ್ಪಿಸ್ಬೇಡಪ್ಪ, ನಿನ್ನ ತಗಡಿನ ವಿಷಯ ನಾಲ್ಕು ಜನರ ಮುಂದೆ ಹೇಳೋದಿದೆ' ಅಂತ. ಆ ಸ್ಲೈಡ್ ಹುಡುಗ ಓದಿದ್ದು ಬರೀ ಬರಹ. ಮಾತು ಯಜಮಾನ್ರದ್ದು."

ಅವರು ಬೇರೇನೂ ಕೇಳಿದವರಲ್ಲ. ಮೂವತ್ತು ವರ್ಷದಲ್ಲಿ ಸಂಬಳದ ಜಗಳಕ್ಕೂ ಹೋದವರಲ್ಲ. ಆ ನಾಲ್ಕು ಜನರ ಮುಂದಿನ ಮಾತೊಂದನ್ನು ಮಾತ್ರ ಮನೆಗೆ ಬಂದು ಚಿಕ್ಕಮ್ಮನಿಗೆ ಮೂರು ಸಲ ಹೇಳಿದ್ದರು. ಚಿಕ್ಕಮ್ಮ ಶುಕ್ರವಾರ ಬೆಳಿಗ್ಗೆ ಅವರ ಅಂಗಿಯ ಕಾಲರಿಗೆ ಎರಡು ಸಲ ಇಸ್ತ್ರಿ ಹಾಕಿ, ನನ್ನ ಕಡೆ ತಿರುಗಿ ಹೇಳಿದರು: "ಇವರು ಬಂದು ಅರ್ಧ ನುಂಗಿ ಹೇಳ್ತಾರೆ. ನೀನು ಅಕ್ಷರಕ್ಕೆ ಅಕ್ಷರ ನೆನಪಿಟ್ಕೊಂಡು ಬಾ."

ಎರಡು ಪಾಳಿಯವರೂ ಸೇರಲೆಂದು ಪಾಳಿ ಬದಲಾಗುವ ಹೊತ್ತಿಗೇ ಸಭೆ ಇಟ್ಟಿದ್ದರು. ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಒತ್ತಿಟ್ಟು ಕುರ್ಚಿ ಹಾಕಿತ್ತು. ಚಿಕ್ಕಪ್ಪ ಎರಡನೇ ಸಾಲಿನಲ್ಲಿ ಕೂತರು. ಅವರು ಯಾವ ಸಭೆಯಲ್ಲೂ ಎರಡನೇ ಸಾಲಿನಲ್ಲಿ ಕೂತಿದ್ದನ್ನು ನಾನು ನೋಡಿರಲಿಲ್ಲ.

ಯಜಮಾನರು ಚೆನ್ನಾಗಿ ಮಾತಾಡಿದರು. ಇದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ಸಿಟ್ಟು ಬರುತ್ತದೆ.

"ಹಳೇದು ಕೆಟ್ಟಿದೆ ಅಂತ ಬದಲಾಯಿಸ್ತಿಲ್ಲ," ಎಂದು ಶುರುಮಾಡಿದರು. "ನಮ್ಮ ಹೆಸರಲ್ಲಿ ಪಂಪು ಇದೆ. ಆದ್ರೆ ನಾವು ಮಾರೋದ್ರಲ್ಲಿ ಅರ್ಧ ಈಗ ಪಂಪಲ್ಲ; ಫಿಲ್ಟರು, ಮೀಟರು, ರಿಪೇರಿ. ಹೊಸಬರು ಫೋನು ಮಾಡಿ 'ಫಿಲ್ಟರ್ ಎಲ್ಲಿ ಸಿಗುತ್ತೆ' ಅಂತ ನಮ್ಮನ್ನೇ ಕೇಳ್ತಾರೆ. ಅದಕ್ಕೇ ಹೆಸರಿನ ಬಾಲ ಕತ್ತರಿಸಿದೀವಿ." ನಗು. "ಇನ್ನೊಂದು. ನಮ್ಮ ಗುರುತು ಎಷ್ಟು ಥರ ಇದೆ ಗೊತ್ತಾ? ಹುಡುಕಿಸಿದೆ. ಹನ್ನೊಂದು. ಲಾರಿ ಮೇಲೊಂದು, ಬಿಲ್ಲಿನ ಮೇಲೊಂದು, ವಾಚ್‌ಮನ್ ಟೋಪಿ ಮೇಲೆ ಹನಿ ತಲೆಕೆಳಗು!" ವಾಚ್‌ಮನ್ ಟೋಪಿ ತೆಗೆದು ನೋಡಿಕೊಂಡ. ಇಡೀ ಹಾಲೇ ನಕ್ಕಿತು. ನಾನೂ ನಕ್ಕೆ.

ನಾನು ಹಗ್ಗ ಎಳೆದೆ, ಬಟ್ಟೆ ಬಿತ್ತು. ಹೊಸ ಗುರುತಿನಲ್ಲಿ ಹನಿ ಸ್ವಲ್ಪ ದುಂಡಗಾಗಿತ್ತು, ಕೆಂಪು ಹೋಗಿ ತಿಳಿಹಸಿರು ಬಂದಿತ್ತು. ಮೂರು ತೆರವುಗಳು ಮೊದಲಿನಂತೆ ಎಡ, ಬಲ, ಕೆಳಗೆ ಅಲ್ಲ. ಒಂದಕ್ಕೊಂದು ಸರಿಯಾದ ಅಂತರದಲ್ಲಿ ಕೂತಿದ್ದವು. ಕಣ್ಣಿಗೆ ಚಂದವಿತ್ತು.

"ನಂಬಿಕೆ ಅಂದ್ರೆ," ಎಂದರು ಯಜಮಾನರು, "ಗಿರಾಕಿ ಕೆಟ್ಟ ಮಾಲು ತಂದ್ರೆ ಮೊದಲು ಮಾಲು ನೋಡಿ, ಆಮೇಲೆ ರಸೀತಿ ಕೇಳಿ. ಮುಕ್ತತೆ ಅಂದ್ರೆ, ತಪ್ಪು ಮಾಡಿದವನು ತಾನೇ ಬಂದು ಹೇಳೋ ಹಾಗಿರಬೇಕು. ಹೇಳಿದವನಿಗೆ ಶಿಕ್ಷೆ ಇಲ್ಲ. ಮೂರನೇದು..."

ಅಲ್ಲಿ ನಿಂತರು. ಕನ್ನಡಕ ತೆಗೆದರು. ಎರಡನೇ ಸಾಲಿನ ಕಡೆ ನೋಡಿದರು. ಚಿಕ್ಕಪ್ಪ ಬೆನ್ನು ನೆಟ್ಟಗೆ ಮಾಡಿದರು. ಅಂಗಿಯ ಕೆಳಗಿನ ಬಟನ್ನಿಗೆ ಕೈ ಹೋಯಿತು, ಎದ್ದು ನಿಲ್ಲಬೇಕಾದೀತೆಂದು. ಗೋಡೆಯ ಬದಿಯಲ್ಲಿ ಸ್ಲೈಡ್ ಸಾರ್ ಕೈಯಲ್ಲಿದ್ದ ರಿಮೋಟಿನ ಗುಂಡಿ ಒತ್ತಿದರು. ಪರದೆಯ ಮೇಲೆ ಮೂರನೆಯ ತೆರವು ದೊಡ್ಡದಾಗಿ ಬಂತು, ಅದರ ಕೆಳಗೆ ಒಂದು ಪದ.

ಯಜಮಾನರು ಕನ್ನಡಕ ಹಾಕಿಕೊಂಡರು.

"ಮೂರನೇದು ಸೇವೆ. ಈ ಮೂರನ್ನೂ ಆ ಕಾಲದಲ್ಲೇ ಯೋಚಿಸಿ ನಾನು ಬಳೆಯನ್ನು ತೆರೆದಿಟ್ಟೆ."

ಚಪ್ಪಾಳೆ ಬಿತ್ತು. ಚಿಕ್ಕಪ್ಪನೂ ತಟ್ಟಿದರು. ತಡವಾಗಿ ಶುರುಮಾಡಿ, ಎಲ್ಲರೂ ನಿಲ್ಲಿಸಿದ ಮೇಲೂ ಎರಡು ಸಲ ತಟ್ಟಿದರು.

ಆಮೇಲೆ ಪ್ರಶ್ನೆ ಕೇಳಲು ಬಿಟ್ಟರು. ಲೇತಿನ ದಪ್ಪಣ್ಣ ಹಳೇ ಯೂನಿಫಾರ್ಮ್ ಏನು ಮಾಡೋದು ಎಂದ. ಹರಿಯೋವರೆಗೂ ಹಾಕ್ಕೊಳ್ಳಿ, ಹಳೇ ಡಬ್ಬಾ, ಹಳೇ ಲೆಟರ್‌ಹೆಡ್ ಮುಗಿಯೋವರೆಗೂ ಬಳಸಿ, ಬೋರ್ಡು ಮತ್ತೆ ಲಾರಿ ಮಾತ್ರ ಮೊದಲು ಎಂದು ಉತ್ತರ. ಪ್ಯಾಕಿಂಗಿನ ಅಕ್ಕ ಕೇಳಿದಳು: "ಫೋನಲ್ಲಿ ಏನಂತ ಹೇಳ್ಬೇಕು ಸಾರ್, ಹೊಸ ಹೆಸರಾ, ಹಳೇ ಹೆಸರಾ?" ಆರು ತಿಂಗಳು ಎರಡನ್ನೂ ಹೇಳಿ ಎಂದರು. ನನ್ನ ನಾಲಿಗೆಯ ತುದಿಯಲ್ಲಿ ಒಂದು ಪ್ರಶ್ನೆ ಕುದಿಯುತ್ತಿತ್ತು. ಕೈ ಎತ್ತಲು ಹೋದೆ. ಎರಡನೇ ಸಾಲಿನಿಂದ ಚಿಕ್ಕಪ್ಪ ತಿರುಗಿ ನೋಡಿದರು. ಬೈದ ನೋಟ ಅಲ್ಲ, ಬೇಡಿದ ನೋಟ. ಕೈ ಇಳಿಸಿದೆ.

ಸಭೆ ಮುಗಿದು ಜನ ಅಂಗಿಗೆ ಚುಚ್ಚಿಕೊಳ್ಳುವ ಹೊಸ ಗುರುತಿನ ಬಿಲ್ಲೆಗಳಿಗೆ ಸಾಲು ನಿಂತಾಗ ಚಿಕ್ಕಪ್ಪ ಪಾಳಿ ಇದೆಯೆಂದು ನೇರ ಬಣ್ಣದ ಮನೆಗೆ ನಡೆದರು. ನಾನು ಹಗ್ಗ ಸುತ್ತುತ್ತಿದ್ದೆ. ಯಜಮಾನರು ತಾವೇ ಬಂದರು, ಜೊತೆಗೆ ಸ್ಲೈಡ್ ಸಾರ್ ಮತ್ತು ನಾಲ್ಕೈದು ಮೇಲ್ವಿಚಾರಕರು.

"ನಿನ್ನೆ ಏನೋ ಹೇಳಿದೆಯಂತೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಹೇಳಿದ್ದು ನಿಜ. ನಿನಗೆ ಗೊತ್ತು, ನನಗೆ ಗೊತ್ತು, ನಿನ್ನ ಚಿಕ್ಕಪ್ಪನಿಗೆ ಗೊತ್ತು."

ಸ್ಲೈಡ್ ಸಾರ್ ತಮ್ಮ ಬೂಟು ನೋಡಿಕೊಂಡರು.

"ಹೇಳೋಣ ಅಂತಲೇ ನಿಂತಿದ್ದೆ ಕಣಪ್ಪ. ಆದ್ರೆ ತಗಡು ಬೀಳಬಾರದು ಅಂತ ಪಟ್ಟಿ ಬಿಟ್ವಿ ಅಂದ್ರೆ, ಇಷ್ಟು ಜನ ಏನನ್ನ ಎದೆಗೆ ಹಚ್ಚಿಕೊಂಡು ಹೋಗ್ತಾರೆ ಹೇಳು? ಬಿಲ್ಲೆ ಎಲ್ಲ ಅಚ್ಚಾಗಿದೆ, ಇದೇ ಅರ್ಥ ಬರೆದ ಪುಸ್ತಕ ಅಚ್ಚಾಗಿದೆ. ಮುಂದಿನ ವಾರ ಹೊರಗಿನವರ ಮುಂದೆಯೂ ಇದನ್ನೇ ಹೇಳ್ಬೇಕು. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಆಗೋಕಾಗಲ್ಲ."

ತಪ್ಪು ಮಾಡಿದವನು ತಾನೇ ಬಂದು ಹೇಳಬೇಕು, ಹೇಳಿದವನಿಗೆ ಶಿಕ್ಷೆ ಇಲ್ಲ. ಅರ್ಧ ಗಂಟೆಯ ಹಿಂದೆ ಹೇಳಿದವರು ಇವರೇ. ಹೇಳಲು ಬಂದದ್ದು ನನ್ನ ಹತ್ತಿರ. ಬಣ್ಣದ ಮನೆ ಇಲ್ಲಿಂದ ನಲವತ್ತು ಹೆಜ್ಜೆ.

"ಅವನು ದೊಡ್ಡ ಮನಸ್ಸಿನವನು, ಅರ್ಥ ಮಾಡ್ಕೋತಾನೆ," ಎಂದು ಯಜಮಾನರು ನನ್ನ ಭುಜದ ಮೇಲೆ ಕೈ ಇಟ್ಟರು. "ಮನೆಯಲ್ಲಿ ನೀನೇ ನಿಧಾನಕ್ಕೆ ಹೇಳು. ನನ್ನ ಪರವಾಗಿ. ಹೇಳ್ತೀಯಲ್ಲ?"

ಮೇಲ್ವಿಚಾರಕರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ನಿನ್ನೆ ನಕ್ಕವರೂ ಅವರಲ್ಲಿದ್ದರು. ಸ್ಲೈಡ್ ಸಾರ್ ನನಗೆಂದು ಒಂದು ಹೊಸ ಬಿಲ್ಲೆ ಹಿಡಿದು ಕೈ ಚಾಚಿದ್ದರು.

ಹಗ್ಗದ ಸುರುಳಿಯನ್ನು ಮೇಜಿನ ಮೇಲಿಟ್ಟೆ. ಭುಜ ಸ್ವಲ್ಪ ತಗ್ಗಿಸಿದೆ, ಕೈ ತಾನಾಗಿ ಜಾರಿತು. ಬಾಗಿಲ ಕಡೆ ನಡೆದೆ.

"ಏಯ್, ಕೇಳಿಸ್ತೇನಯ್ಯಾ?" ಎಂದರು ಹಿಂದಿನಿಂದ.

ಕೇಳಿಸಿತ್ತು.