ಇಪ್ಪತ್ತು ನಿಮಿಷದ ಉಳಿತಾಯ

ನೂರಿಪ್ಪತ್ತಾರು ಕಿಲೋಮೀಟರಿಗೆ ನಾಲ್ಕು ಗಂಟೆ ತೆಗೆದುಕೊಳ್ಳುವ ಆ ಪ್ಯಾಸೆಂಜರ್ ಗಾಡಿ ತನ್ನ ಮಗಳದ್ದೇ ಎಂದು ಅಮ್ಮ ಖಚಿತವಾಗಿ ನಂಬಿದ್ದಳು. ಮಗಳು ರೈಲ್ವೆಯ ವೇಳಾಪಟ್ಟಿ ವಿಭಾಗದಲ್ಲಿ ಗೆರೆ ಎಳೆಯುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಗಾಡಿ ಹುಟ್ಟಿ ಅರವತ್ತು ವರ್ಷವಾಗಿತ್ತು. ಆದರೂ ತಪ್ಪು ಮಗಳದೇ.

"ನಿನ್ನ ಗಾಡಿ ಸಂಜೆ ಮತ್ತೆ ಗೂಟ ಹೊಡ್ಕೊಂಡು ನಿಂತಿತ್ತು ಕಣೇ. ಕೆಳಗಿಳಿದು ಒಂದು ಸ್ವೆಟರ್ ಹೆಣೆದು ಮತ್ತೆ ಹತ್ತಬಹುದಿತ್ತು."

"ಎದುರಿಗೆ ಎಕ್ಸ್‌ಪ್ರೆಸ್ ಬರ್ಬೇಕಿತ್ತಲ್ಲಮ್ಮ. ಹಳಿ ಒಂದೇ ಇರೋದು."

"ಒಂದೇ ಹಳಿ ಇದ್ರೆ ನಮ್ಮದು ಯಾಕೆ ಪಕ್ಕಕ್ಕೆ ಹೋಗ್ಬೇಕು? ಅದೇ ಹೋಗ್ಲಿ."

ಮಗಳಿಗೆ ಉತ್ತರಗಳು ಯಾವಾಗಲೂ ಪಾತ್ರೆ ತೊಳೆದಾದ ಮೇಲೇ ಬರುತ್ತಿದ್ದವು.

ಅಮ್ಮ ನರ್ಸು. ದಿನಾ ಬೆಳಿಗ್ಗೆ ಆರೂವರೆಯ ಅದೇ ಗಾಡಿ ಹತ್ತಿ, ಏಳು ಇಪ್ಪತ್ತೊಂಬತ್ತಕ್ಕೆ ಗಣಿ ಹಾಲ್ಟಿನಲ್ಲಿ ಇಳಿದು, ಎಂಟಕ್ಕೆ ಅಲ್ಲಿನ ಆರೋಗ್ಯ ಕೇಂದ್ರದ ಬಾಗಿಲು ತೆಗೆಯುತ್ತಿದ್ದಳು. ಹಾಲ್ಟ್ ಅಂದರೆ ನಿಲ್ದಾಣವೂ ಅಲ್ಲ. ಒಂದು ಫಲಕ, ಒಂದು ಬೆಂಚು, ಅದರ ಮೇಲೆ ಸದಾ ಮಲಗಿರುವ ಒಂದು ನಾಯಿ. ಗಾಡಿ ಒಂದು ನಿಮಿಷ ನಿಲ್ಲುತ್ತದೆ, ಆರು ಜನ ಇಳಿಯುತ್ತಾರೆ. ರಸ್ತೆ ಹಿಡಿದರೆ ಎರಡು ಬಸ್ಸು, ಮೇಲೆ ಐದು ಕಿಲೋಮೀಟರ್ ನಡಿಗೆ. ಅಷ್ಟರಲ್ಲಿ ಹನ್ನೊಂದು ಗಂಟೆ.

ಕಚೇರಿಯಲ್ಲಿ ಮಗಳನ್ನು ಎಲ್ಲರೂ ಪೆನ್ಸಿಲ್ ಎನ್ನುತ್ತಿದ್ದರು, ಮಾತಾಡುವುದು ಅವಳ ಕೈಯಲ್ಲಿದ್ದ ಪೆನ್ಸಿಲ್ ಮಾತ್ರ ಎಂಬ ಕಾರಣಕ್ಕೆ. ಮೇಜಿನ ತುಂಬ ಹಾಸಿದ ಚಾರ್ಟಿನಲ್ಲಿ ಅಡ್ಡಕ್ಕೆ ಗಂಟೆ ನಿಮಿಷಗಳು, ಉದ್ದಕ್ಕೆ ನಿಲ್ದಾಣಗಳು. ಪ್ರತಿ ಗಾಡಿಗೂ ಒಂದು ಓರೆ ಗೆರೆ. ಎಕ್ಸ್‌ಪ್ರೆಸ್ಸಿನ ಗೆರೆ ಕಡಿದಾಗಿ ಹತ್ತುತ್ತದೆ. ಪ್ಯಾಸೆಂಜರ್ ಗೆರೆ ಮೊಣಕಾಲು ನೋವಿನವರಂತೆ ಮೆಟ್ಟಿಲು ಮೆಟ್ಟಿಲಿಗೂ ಕುಳಿತು ಏಳುತ್ತದೆ. ಅವಳಿಗೆ ಮೊದಲ ದಿನವೇ ಹೆಡ್ ಕ್ಲರ್ಕು ಹೇಳಿಕೊಟ್ಟಿದ್ದರು:

"ನೋಡಮ್ಮ, ಎದುರುಬದುರು ಬರೋ ಎರಡು ಗೆರೆ ನಿಲ್ದಾಣದಲ್ಲಿ ಸಂಧಿಸಿದ್ರೆ ಕ್ರಾಸಿಂಗ್. ನಿಲ್ದಾಣಗಳ ಮಧ್ಯೆ ಸಂಧಿಸಿದ್ರೆ ಶ್ರದ್ಧಾಂಜಲಿ. ಇಷ್ಟೇ ವಿದ್ಯೆ. ಮಿಕ್ಕಿದ್ದೆಲ್ಲ ಸಂಬಳ."

ಹೀಗಿರುವಾಗ ಸಾಹೇಬರು ಪತ್ರಿಕೆಯವರಿಗೆ ಒಂದು ಮಾತು ಕೊಟ್ಟುಬಿಟ್ಟರು: ಹೊಸ ವೇಳಾಪಟ್ಟಿಯಲ್ಲಿ ಪ್ಯಾಸೆಂಜರ್ ಇಪ್ಪತ್ತು ನಿಮಿಷ ಬೇಗ ತಲುಪುತ್ತದೆ. ಮಾತು ಕೊಟ್ಟು ನಾಲ್ಕು ದಿನದ ಮೇಲೆ, ಹೇಗೆ ಎಂದು ಯೋಚಿಸಲು ವಿಭಾಗಕ್ಕೆ ಬಂದರು. ಬರುವಾಗ ಯೋಚನೆಯೂ ಮುಗಿದಿತ್ತು.

"ಹಾಲ್ಟಿಗೆ ಒಂದು ನಿಮಿಷ ನಿಲ್ಲೋದು. ನಿಧಾನ ಮಾಡೋದು, ಮತ್ತೆ ವೇಗ ಹಿಡಿಯೋದು ಸೇರಿ ಮೂರು. ಒಟ್ಟು ನಾಲ್ಕು. ಜನವೇ ಇಲ್ಲದ ಐದು ಹಾಲ್ಟ್ ತೆಗೀರಿ. ಐದು ನಾಲ್ಕಲ?"

ಮಗ್ಗಿ ಒಪ್ಪಿಸುವ ವಯಸ್ಸು ಎಲ್ಲರಿಗೂ ದಾಟಿತ್ತು.

"ಇಪ್ಪತ್ತು!" ಎಂದು ಸಾಹೇಬರೇ ಹೇಳಿ, ತಮಗೆ ತಾವೇ ಪೂರ್ತಿ ಅಂಕ ಕೊಟ್ಟುಕೊಂಡರು. ಮೂವತ್ತು ವರ್ಷದಿಂದ ಇಲ್ಲಿ ಪೆನ್ಸಿಲ್ ಹೆರೆದವರಿಗೆ ಹೊಳೆಯದ್ದು ತಮಗೆ ಜೀಪಿನಲ್ಲಿ ಹೊಳೆಯಿತಲ್ಲ ಎಂಬ ಸಂತೋಷ ಮುಖದಲ್ಲಿ ಒಡೆದು ಕಾಣುತ್ತಿತ್ತು. ಐದು ಹಾಲ್ಟುಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಎರಡನೆಯ ಹೆಸರು ಗಣಿ ಹಾಲ್ಟ್.

ಮನೆಗೆ ಹೋಗಿ ಅವಳು ಸುತ್ತಿ ಬಳಸಿ ವಿಷಯ ತೆಗೆದಳು. ಅಮ್ಮ ಬಟ್ಟೆ ಮಡಿಸುತ್ತಿದ್ದಳು.

"ಹಾಲ್ಟ್ ತೆಗೆದ್ರೆ ಅಲ್ಲೇ ಒಂದು ರೂಮು ಮಾಡ್ತೀನಿ. ನಿವೃತ್ತಿಗೆ ನಾಲ್ಕು ವರ್ಷ ತಾನೇ. ವಾರಕ್ಕೊಂದ್ಸಲ ಬಂದು ನೀನು ಬದುಕಿದೀಯೋ ಇಲ್ವೋ ನೋಡ್ಕೊಂಡು ಹೋಗ್ತೀನಿ."

"ಒಬ್ಬಳೇನಾ ಅಲ್ಲಿ?"

"ನಾಯಿ ಇದೆಯಲ್ಲ," ಎಂದಳು ಅಮ್ಮ. ಮಡಿಸಿದ ಸೀರೆಯನ್ನೇ ಬಿಡಿಸಿ ಮತ್ತೊಮ್ಮೆ ಮಡಿಸಿದಳು.

ಮಾರನೆಯ ದಿನ ಪೆನ್ಸಿಲ್ ಹೊಸ ಚಾರ್ಟಿಗೆ ಕೂತಳು. ಐದು ಹಾಲ್ಟು ತೆಗೆದು ಗೆರೆ ಎಳೆದಳು. ಹೊಸ ಗೆರೆ ಕಡಿದಾಗಿ, ಹುರುಪಾಗಿ ಮೇಲೇರಿತು. ಗಣಿ ಹಾಲ್ಟು ದಾಟಿ ಏಳು ಕಿಲೋಮೀಟರಿಗೆ ಒಂದು ದೊಡ್ಡ ನಿಲ್ದಾಣ; ಪಕ್ಕದ ಹಳಿ ಇರುವುದು ಅಲ್ಲಿ. ಹಳೆಯ ಗಾಡಿ ಅಲ್ಲಿಗೆ ಏಳು ಮೂವತ್ತೆಂಟಕ್ಕೆ ಬರುತ್ತಿತ್ತು, ಹೊಸದು ಏಳು ಮೂವತ್ತಕ್ಕೇ ಬಂತು. ಎರಡು ಹಾಲ್ಟಿಗೆ ಎಂಟು ನಿಮಿಷ ಲಾಭ! ಬಂದು ಏನು ಮಾಡಿತು? ನಿಂತಿತು. ಎದುರಿನ ಎಕ್ಸ್‌ಪ್ರೆಸ್ ಆ ನಿಲ್ದಾಣ ದಾಟುವುದು ಏಳು ನಲವತ್ತೆಂಟಕ್ಕೆ. ಅದು ಹೋಗಿ, ಸಿಗ್ನಲ್ ಬಿದ್ದು, ಪ್ಯಾಸೆಂಜರ್ ಹೊರಡುವುದು ಏಳು ಐವತ್ತೊಂದಕ್ಕೆ. ಹಳೆಯದೂ ಅಷ್ಟಕ್ಕೇ, ಹೊಸದೂ ಅಷ್ಟಕ್ಕೇ.

ಹಾಗಾದರೆ ಮುಂದಿನ ನಿಲ್ದಾಣಕ್ಕೇ ಹೋಗಿ ಕ್ರಾಸಿಂಗ್ ಮಾಡಬಹುದೇ? ನೋಡಿದಳು. ಅದು ಹನ್ನೊಂದು ಕಿಲೋಮೀಟರ್, ಹದಿಮೂರು ನಿಮಿಷ. ಏಳು ಮೂವತ್ತೊಂದಕ್ಕೆ ಹೊರಟರೂ ಏಳು ನಲವತ್ತನಾಲ್ಕಕ್ಕೆ ಅಲ್ಲಿ. ಎಕ್ಸ್‌ಪ್ರೆಸ್ ಆ ನಿಲ್ದಾಣವನ್ನು ಏಳು ಮೂವತ್ತೊಂಬತ್ತಕ್ಕೇ ದಾಟಿ ಈ ಕಡೆ ಬರುತ್ತಿರುತ್ತದೆ. ಎರಡು ಗೆರೆಗಳೂ ನಿಲ್ದಾಣಗಳ ಮಧ್ಯೆ ಮುಟ್ಟಿಕೊಂಡವು. ಶ್ರದ್ಧಾಂಜಲಿ. ರಬ್ಬರ್ ತೆಗೆದು ಅಳಿಸಿದಳು.

ಉಳಿದ ಮೂರು ಹಾಲ್ಟುಗಳ ಹನ್ನೆರಡು ನಿಮಿಷದ ಕತೆಯೂ ಬೇರೆಯಲ್ಲ. ಗಾಡಿ ಜಂಕ್ಷನ್ನಿಗೆ ಒಂಬತ್ತು ನಲವತ್ತಾರರ ಬದಲು ಒಂಬತ್ತು ಮೂವತ್ತನಾಲ್ಕಕ್ಕೆ ಬರುತ್ತದೆ. ಅಲ್ಲಿಂದ ಮುಂದಿನ ಹದಿನಾಲ್ಕು ಕಿಲೋಮೀಟರ್ ದೊಡ್ಡ ಲೈನಿನವರ ಹಳಿ. ಕಚೇರಿಗೆ ಹೋಗುವವರ ಲೋಕಲ್ ಗಾಡಿಗಳು ನಾಲ್ಕು ನಿಮಿಷಕ್ಕೊಂದರಂತೆ ಸಾಲುಗಟ್ಟಿರುತ್ತವೆ. ಮೊದಲ ಸಂದು ಸಿಗುವುದು ಒಂಬತ್ತು ಐವತ್ತೆರಡಕ್ಕೆ. ಬೇಗ ಬಂದವನಿಗೆ ಬಾಗಿಲಲ್ಲೇ ಹೆಚ್ಚು ಹೊತ್ತು ನಿಲ್ಲುವ ಭಾಗ್ಯ.

ತಲುಪುವ ಸಮಯ: ಹಳೆಯದು ಹತ್ತೂವರೆ. ಹೊಸದು ಹತ್ತೂವರೆ. ಐದು ಹಾಲ್ಟು ತಿಂದು ಗಾಡಿ ತೇಗಲೂ ಇಲ್ಲ.

ಹೆಡ್ ಕ್ಲರ್ಕು ಕನ್ನಡಕ ಹಣೆಗೇರಿಸಿ ನೋಡಿ, ನಕ್ಕರು. "ಬೆಟ್ಟ ಅಗೆದು ಇಲಿ ಹಿಡಿಯೋದು ಕೇಳಿದ್ದೆ. ಇಲ್ಲಿ ಇಲೀನೂ ಇಲ್ವಲ್ಲಮ್ಮ! ನೀನೇ ಸಾಹೇಬರಿಗೆ ಹೇಳು."

"ನಾನಾ ಸರ್?"

"ನಾನು ಹೇಳಿದ್ರೆ ಹಳೇ ತಲೆ, ಬದಲಾವಣೆ ಬೇಡ ಅಂತಾನೆ ಅಂತಾರೆ. ನೀನು ಹೇಳಿದ್ರೆ ಚಿಕ್ಕ ಹುಡುಗಿ, ಏನೂ ಗೊತ್ತಿಲ್ಲ ಅಂತಾರೆ. ಇಬ್ಬರಿಗೂ ಒಂದೇ ಗತಿ. ನಿನಗೆ ಹೊಸ ಅನುಭವ ಆದ್ರೂ ಆಗುತ್ತೆ."

ಸಭೆಯಲ್ಲಿ ಅವಳು ಚಾರ್ಟು ಹಾಸಿದಳು. ಹಳೆಯ ಗೆರೆ ನೀಲಿ, ಹೊಸದು ಕೆಂಪು. ನಾಲ್ಕು ವಾಕ್ಯ ಕನ್ನಡಿಯ ಮುಂದೆ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮೂರು ದಾರಿಯಲ್ಲೇ ಉದುರಿದ್ದವು. ಉಳಿದ ಒಂದನ್ನು ಹೇಳಿದಳು:

"ಸರ್, ಬೇಗ ಬರುತ್ತೆ... ಬಂದು ಕಾಯುತ್ತೆ."

ಸಾಹೇಬರು ಕೆಂಪು ಗೆರೆಯ ಮೇಲೆ ಬೆರಳಿಟ್ಟು ಹತ್ತಿದರು. ನಿಲ್ದಾಣದಲ್ಲಿ ಬೆರಳು ನಿಂತಿತು. ಜಂಕ್ಷನ್ನಿನಲ್ಲಿ ಮತ್ತೆ ನಿಂತಿತು. ಕೊನೆಯಲ್ಲಿ ಕೆಂಪೂ ನೀಲಿಯೂ ಒಂದೇ ಗೆರೆಯಾಗಿ ಹತ್ತೂವರೆಗೆ ಮುಟ್ಟಿದವು.

"ಎಕ್ಸ್‌ಪ್ರೆಸ್ ನಿಲ್ಲಿಸಿ," ಎಂದರು.

"ಅದರ ಸಮಯ ಮೇಲಿನ ಕಚೇರಿಯವರದು ಸರ್," ಎಂದರು ಹೆಡ್ ಕ್ಲರ್ಕು. "ಒಂದು ಪತ್ರ ಬರೀಬಹುದು. ಹೋದ ಸಲ ಬರೆದದ್ದಕ್ಕೆ ಉತ್ತರ ಬಂದ ಮೇಲೆ."

ಸಾಹೇಬರ ಮುಖ ಕಂದಿತು. ಆಮೇಲೆ ಅವರು ಅವಳ ಕಡೆ ತಿರುಗಿದರು. "ನೀವ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡ್ರಿ? ನಿಮ್ಮವರು ಯಾರಾದ್ರೂ ಇಳೀತಾರಾ ಆ ಹಾಲ್ಟುಗಳಲ್ಲಿ?"

ಸುಳ್ಳು ಹೇಳಲು ಬೇಕಾದ ಚುರುಕು ಅವಳಿಗಿರಲಿಲ್ಲ. "ಅಮ್ಮ ಇಳೀತಾರೆ ಸರ್. ಗಣಿ ಹಾಲ್ಟಲ್ಲಿ."

"ಅದೇ ಅಂದ್ಕೊಂಡೆ!" ಸಾಹೇಬರಿಗೆ ಜೀವ ಬಂತು. ಗೆರೆಗೆ ಉತ್ತರವಿಲ್ಲದಿದ್ದರೂ ಗೆರೆ ಎಳೆದವಳಿಗೆ ಉತ್ತರ ಸಿಕ್ಕಿತ್ತು. "ಅಮ್ಮನಿಗಾಗಿ ರೈಲು ನಿಲ್ಲಿಸೋಕೆ ಆಗುತ್ತೇನ್ರೀ? ಪೇಪರಿನವರಿಗೆ ಇಪ್ಪತ್ತು ನಿಮಿಷ ಅಂತ ಹೇಳಾಗಿದೆ. ಹಾಲ್ಟು ತೆಗೀರಿ. ಇಪ್ಪತ್ತು ಹೇಗಾದ್ರೂ ಬರ್ಲಿ."

ಸಭೆ ಮುಗಿಯುವುದರಲ್ಲಿತ್ತು. ಕುರ್ಚಿಗಳು ಹಿಂದೆ ಸರಿದವು. ಅವಳ ಕಣ್ಣು ಚಾರ್ಟಿನ ಮೇಲಿನ ಕೊನೆಯ ಹದಿನಾಲ್ಕು ಕಿಲೋಮೀಟರಿಗೆ ಅಂಟಿಕೊಂಡಿತ್ತು. ಅಲ್ಲಿ ಗೆರೆ ಬಹಳ ಮಲಗಿತ್ತು. ಹದಿನೆಂಟು ನಿಮಿಷದ ದಾರಿಗೆ ಮೂವತ್ತೆಂಟು ನಿಮಿಷ ಬರೆದಿತ್ತು. ಹೆಚ್ಚುವರಿ ಇಪ್ಪತ್ತು ನಿಮಿಷ ವಿಭಾಗದ ಹಳೆಯ ಗುಟ್ಟು: ದಾರಿಯಲ್ಲಿ ಆದ ತಡವನ್ನೆಲ್ಲ ನುಂಗಲು ಕೊನೆಯಲ್ಲಿ ಇಟ್ಟ ಗಂಟು. ಮೂರು ವರ್ಷದಿಂದ 'ತಾತ್ಕಾಲಿಕ'ವಾಗಿ ರಿಪೇರಿಯಲ್ಲಿದ್ದ ಸೇತುವೆಯ ಮೇಲೆ ಗಂಟೆಗೆ ಇಪ್ಪತ್ತರ ವೇಗದಲ್ಲಿ, ಕೊನೆಯ ಡಬ್ಬಿ ದಾಟುವ ತನಕ ತೆವಳಿದ್ದು, ಗೂಡ್ಸಿಗೆ ದಾರಿ ಬಿಟ್ಟದ್ದು, ಸಿಗ್ನಲಿನಲ್ಲಿ ನಿಂತದ್ದು, ಎಲ್ಲವೂ ಆ ಗಂಟಿನಲ್ಲಿ ಕರಗಿ ಗಾಡಿ ಹತ್ತೂವರೆಗೆ ಸರಿಯಾಗಿ ತಲುಪುತ್ತಿತ್ತು. ಅದನ್ನು ತೆಗೆದರೆ ಗಾಡಿ ಒಂದು ನಿಮಿಷವೂ ಬೇಗ ಓಡುವುದಿಲ್ಲ. ಕಾಗದದ ಮೇಲೆ ಮಾತ್ರ ಓಡುತ್ತದೆ.

ಹೆಡ್ ಕ್ಲರ್ಕು ಅವಳ ಕಣ್ಣು ಹೋದ ಕಡೆ ನೋಡಿ, ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದರು.

"ಸರ್," ಎಂದಳು ಅವಳು. ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಇಲ್ಲಿ ಇಪ್ಪತ್ತು ನಿಮಿಷ ಇದೆ. ಇದನ್ನ ತೆಗೆದ್ರೆ ಪಟ್ಟೀಲಿ ಹತ್ತು ಹತ್ತಕ್ಕೆ ತಲುಪುತ್ತೆ. ಹಾಲ್ಟ್ ತೆಗೆಯೋದು ಬೇಡ."

"ನಿಜವಾಗ್ಲೂ ಹತ್ತು ಹತ್ತಕ್ಕೆ ತಲುಪುತ್ತಾ?"

"ಪಟ್ಟೀಲಿ ತಲುಪುತ್ತೆ ಸರ್."

ಸಾಹೇಬರು ಅವಳನ್ನು ಮೊದಲ ಸಲ ಗೌರವದಿಂದ ನೋಡಿದರು. ಎಂಟು ತಿಂಗಳು ನೆಟ್ಟಗೆ ಗೆರೆ ಎಳೆದಾಗ ಸಿಗದ ಗೌರವ ಒಂದು ಸೊಟ್ಟ ಗೆರೆಗೆ ಸಿಕ್ಕಿತು. "ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ," ಎಂದು ಐದು ಹಾಲ್ಟುಗಳ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಸಿದ್ಧಪಡಿಸಿದವರು ಅನ್ನೋ ಕಡೆ ನಿಮ್ಮ ಸಹಿ ಹಾಕಿ."

ಹೊರಗೆ ಬಂದ ಮೇಲೆ ಹೆಡ್ ಕ್ಲರ್ಕು, "ಇನ್ಮೇಲೆ ದಿನಾ ಲೇಟು. ದಿನಾ ಕಾರಣ ಬರೀಬೇಕು. ಸಹಿ ನಿಂದು, ಬರೆಯೋದೂ ನೀನೇ," ಎಂದರು.

"ಬರೀತೀನಿ ಸರ್."

"ನಿಮ್ಮಮ್ಮ ಎಲ್ಲಿ ಇಳೀತಾರೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ನಾನೇ ಏನಾದ್ರೂ ಸೊಟ್ಟ ಎಳೀತಿದ್ದೆ. ನನಗೆ ಅಭ್ಯಾಸ ಇತ್ತು."

ಹೊಸ ವೇಳಾಪಟ್ಟಿ ಜಾರಿಗೆ ಬಂದ ದಿನ ಪತ್ರಿಕೆಯಲ್ಲಿ ಸಾಹೇಬರ ಫೋಟೋ ಬಂತು. ಗಾಡಿ ಹತ್ತು ಇಪ್ಪತ್ತೆಂಟಕ್ಕೆ ಬಂತು. ನಿನ್ನೆಯವರೆಗೆ ಅದು ಎರಡು ನಿಮಿಷ ಮುಂಚೆ ಅನ್ನಿಸಿಕೊಳ್ಳುತ್ತಿತ್ತು. ಇವತ್ತು ಹದಿನೆಂಟು ನಿಮಿಷ ತಡ. ಪೆನ್ಸಿಲ್ ಕಾರಣಗಳ ಪುಸ್ತಕ ತೆಗೆದು ಬರೆದಳು: ಸೇತುವೆ, ಹನ್ನೊಂದು. ಜಂಕ್ಷನ್ನಿನಲ್ಲಿ ಹಳಿಗಾಗಿ ಕಾದದ್ದು, ಏಳು. ಕೂಡಿಸಿದರೆ ಹದಿನೆಂಟು. ಈ ಕಚೇರಿಯಲ್ಲಿ ಲೆಕ್ಕ ತಪ್ಪುವವರು ಯಾರೂ ಇರಲಿಲ್ಲ.

ಸಂಜೆ ಅಮ್ಮ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಊರೆಲ್ಲ ಬೈತಿದೆ ಕಣೇ. ಅರವತ್ತು ವರ್ಷ ಸರಿಯಾಗಿ ಬರ್ತಿದ್ದ ಗಾಡಿ, ನೀನು ಕೈ ಇಟ್ಟೆ, ಲೇಟಾಯ್ತು ನೋಡು."

"ಬೆಳಿಗ್ಗೆ ಹಾಲ್ಟಲ್ಲಿ ನಿಲ್ಲಿಸಿದ್ರಾಮ್ಮ?"

"ನಿಲ್ಲದೆ ಏನು, ಚಲಿಸೋ ಗಾಡಿಯಿಂದ ಧುಮುಕಲಾ ಈ ವಯಸ್ಸಲ್ಲಿ? ಏಳು ಇಪ್ಪತ್ತೊಂಬತ್ತಕ್ಕೆ ನಿಲ್ತು." ಅಮ್ಮ ಚೀಲ ಗೂಟಕ್ಕೆ ಹಾಕಿ ಒಳಗೆ ಹೋದಳು, ಅಲ್ಲಿಂದಲೇ ಕೂಗಿದಳು, "ಇನ್ನೂ ದೀಪ ಹಾಕಿಲ್ವಾ ನೀನು? ನಾನು ಬರದಿದ್ರೆ ಕತ್ತಲಲ್ಲೇ ಕೂತಿರ್ತಿದ್ದೆ."

"ಹೂಂ," ಎಂದಳು ಮಗಳು, ಎದ್ದು ದೀಪ ಹಾಕಿದಳು.