ಬಲಗಡೆಯ ಬಲ

ಬಡಗಿಯ ಹೆಂಡತಿ ಎಕ್ಸ್‌ರೇ ಕಿಟಕಿಯೊಳಗೆ ಮುಖವಿಟ್ಟು ಕೇಳಿದಳು, "ಏನಿದೆಯಣ್ಣ ಇದ್ರಲ್ಲಿ?"

"ಡಾಕ್ಟರಿಗೆ ತೋರಿಸಿ. ನಾವು ಹೇಳೋ ಹಾಗಿಲ್ಲ."

"ಡಾಕ್ಟರು ಬಾಗಿಲು ಹಾಕ್ಕೊಂಡು ಹೋಗಿದಾರಲ್ಲ?"

"ಬಂದಾಗ ತೋರಿಸಿ."

ಗಂಡನ ಎದೆಯ ಎಕ್ಸ್‌ರೇಗೆ ಎರಡೇ ಸಾಲಿನ ವರದಿ. ಬರೆದವರಿಗೂ ಓದುವವರಿಗೂ ಅರ್ಥವಾಗುವ ಇಂಗ್ಲಿಷು. ಎದೆ ಯಾರದೋ ಅವರಿಗೆ ಮಾತ್ರ ಅರ್ಥವಾಗದ್ದು. ಮನೆಯಲ್ಲಿ ಅವಳ ತಮ್ಮ ಅದಕ್ಕೆ ಫೋನು ಹಿಡಿದ. ಫೋನು ಉಗುಳಿದ ಕನ್ನಡವನ್ನು ಬಡಗಿಗೆ ಓದಿ ಹೇಳಿದ.

"ಬಲ ಶ್ವಾಸಕೋಶದ ಕೆಳಭಾಗದಲ್ಲಿ ಬಲವರ್ಧನೆ. ಕೋನ ಮೊಂಡಾಗಿದೆ. ನೋಡಿ ಭಾವ, ಬಲಗಡೆ ಬಲ ಬರ್ತಾ ಇದೆಯಂತೆ."

"ಮೊಂಡು ಯಾವುದೋ?"

"ಯಾವುದೋ ಮೂಲೆ. ನಿಮ್ಮ ಉಳಿ ಥರ."

"ಉಳಿ ಮೊಂಡಾದ್ರೆ ಮಸೆದ್ರಾಯ್ತು ಬಿಡು," ಎಂದು ಬಡಗಿ ನಕ್ಕ. ನಗು ಕೆಮ್ಮಾಯಿತು, ಪಕ್ಕೆ ಹಿಡಿದು ಬಗ್ಗಿದ. ಹೆಂಡತಿ ಅವನ ಬೆನ್ನು ನೀವಿದಳು. ಆದರೂ ಬಲ ಎಂಬ ಮಾತು ಕೈಗೆ ಸಿಕ್ಕ ಹಗ್ಗದ ಹಾಗಿತ್ತು. ಮುಳುಗುವವರು ಹಗ್ಗದ ಹುರಿ ಎಣಿಸುತ್ತಾರೆಯೇ? ಅವನು ಮರುದಿನವೇ ಕೆಲಸಕ್ಕೆ ಹೋದ. ವಾರವಿಡೀ ಸಂಜೆ ಜ್ವರ, ಬೆಳಿಗ್ಗೆ ಬೆವರು. "ಬಲ ಬರುವಾಗ ಮೈ ಕಾಯ್ತದೆ ಕಣೆ," ಎನ್ನುತ್ತಿದ್ದ.

ಉಸಿರು ಕಟ್ಟಿದ ದಿನ ಆಟೋದಲ್ಲಿ ಒರಗಿಸಿಕೊಂಡು ದೊಡ್ಡಾಸ್ಪತ್ರೆಗೆ ಒಯ್ದಳು. ಪರೀಕ್ಷೆಗಳಾದ ಮೇಲೆ ಅಲ್ಲಿನ ಡಾಕ್ಟರು ಹಳೆಯ ಫಿಲ್ಮನ್ನು ಬೆಳಕಿಗಿಟ್ಟರು.

"ಗಾಳಿ ತುಂಬಿದ ಜಾಗ ಕಪ್ಪಗಿರಬೇಕಮ್ಮ. ಇಲ್ಲಿ ಬೆಳ್ಳಗಿದೆ. ಗಾಳಿಯ ಗೂಡುಗಳಲ್ಲಿ ಸೋಂಕಿನ ರಸ ತುಂಬಿ ಗಟ್ಟಿಯಾಗಿದೆ. ಅದನ್ನೇ ಕನ್ಸಾಲಿಡೇಶನ್ ಅಂತ ಬರೆದಿದಾರೆ. ನ್ಯುಮೋನಿಯ."

"ಗಟ್ಟಿ ಅಂದ್ರೆ ಬಲ ಅಲ್ವಾ?"

"ಅಲ್ಲಮ್ಮ." ಡಾಕ್ಟರ ಬೆರಳು ಕೆಳಗೆ ಜಾರಿತು. "ಪಕ್ಕೆಲುಬು, ಎದೆ-ಹೊಟ್ಟೆ ನಡುವಿನ ಪರದೆ ವಪೆ ಸೇರೋ ಈ ಮೂಲೆ ಚೂಪಾಗಿರಬೇಕು. ಎಡಗಡೆ ನೋಡಿ, ಹಾಗಿದೆ. ಬಲಗಡೆ ನೀರು ನಿಂತು ಮೊಂಡಾಗಿದೆ. ಆಗಲೇ ಬಂದಿದ್ರೆ ಬಹುಶಃ ಔಷಧಿಯಲ್ಲೇ ವಾಸಿಯಾಗ್ತಿತ್ತು. ಈಗ ಸೂಜಿ ಹಾಕಿ ನೋಡಿದೆವು, ಕೀವು. ಸ್ಕ್ಯಾನ್‌ನಲ್ಲಿ ನೋಡಿದ್ರೆ ಅದು ಪೊರೆ ಕಟ್ಟಿ ಗೂಡುಗೂಡಾಗಿದೆ. ಕೊಳವೆ ಇಡ್ತೀವಿ. ಹರೀಲಿಲ್ಲ ಅಂದ್ರೆ ಆಪರೇಷನ್."

"ಉಳೀತಾರಾ?"

"ಈಗಲೇ ಹೇಳೋಕಾಗಲ್ಲ."

ಜೊತೆಗೆ ಬಂದಿದ್ದ ತಮ್ಮ ಗೋಡೆಗೆ ಮುಖ ತಿರುಗಿಸಿದ. ಅವಳು ಅವನನ್ನು ಬೈಯಲಿಲ್ಲ. ಬೈಸಿಕೊಳ್ಳಬೇಕಾದ ಬಾಯಿ ಆ ಎಕ್ಸ್‌ರೇ ಕಿಟಕಿಯಾಚೆ ಇತ್ತು. ಒಂದು ಮಾತು, ಇವತ್ತೇ ತೋರಿಸಿ ಎಂಬ ಒಂದೇ ಮಾತು, ಅಲ್ಲಿ ಯಾರ ನಾಲಗೆಗೂ ಭಾರವಾಗುತ್ತಿರಲಿಲ್ಲ.

"ನನಗೆ ಹೇಳಿದ ಹಾಗೇ ಅವರಿಗೂ ಹೇಳಿ ಡಾಕ್ಟ್ರೇ. ಎದೆ ಅವರದು."

ಡಾಕ್ಟರು ಮಂಚದ ಬಳಿ ಕೂತು ಹೇಳಿದರು. ಬಡಗಿ ಆಮ್ಲಜನಕದ ಮುಖವಾಡದೊಳಗಿಂದ ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಅಂದ್ರೆ," ಮೂರು ಉಸಿರಿಗೆ ಒಂದು ಮಾತು, "ವಾರವೆಲ್ಲ ನಾನು... ಕೀವು ಹೊತ್ಕೊಂಡು ಮರಕ್ಕೆ ಹತ್ತರಿ ಉಜ್ಜಿದೆ."

ಅವಳು ಹೌದೆಂದಳು.