ಓಣಿಯ ನೀರು

ಚೈತ್ರದ ಕೊನೆ. ಕಾಗದ ಗಿರಣಿಯ ಬೆಳಗಿನ ಭೋಂಗಾ ಆಗಷ್ಟೇ ಕೂಗಿತ್ತು. ಸಕ್ಕುಬಾಯಿ ಓಣಿ ನಲ್ಲಿಯ ಬಾಯಿಗೆ ಬಿಗಿದ ಕಬ್ಬಿಣದ ಬಿರಡೆಯ ಮೇಲೆ ಕಲ್ಲು ಎತ್ತಿ ಹಾಕುತ್ತಿದ್ದಳು.

"ಅತ್ತಿ, ಕೈ ಒಡಕೋತೀರಿ. ಬಿಡ್ರಿ," ಎಂದು ಸೊಸೆ ಜ್ಯೋತಿ ರಟ್ಟೆ ಹಿಡಿದಳು.

"ಒಡೀಲಿ ಬಿಡು. ಒಳಗ ಗ್ವಾಡಿಗೆ ಆನಿಸಿ ಕುಂಡ್ರಿಸೀರಲ್ಲ ನಿಮ್ಮ ಮಾವನ್ನ, ಅವರಿಗೆ ಜಳಕ ಹೆಂಗ ಮಾಡಸ್ತಿ?"

ಸಕ್ಕುಬಾಯಿಯ ಗಂಡ ಗೂಳಪ್ಪ ಬೆಳಗಿನ ಜಾವ ಎದೆ ಹಿಡಿದುಕೊಂಡು ಜೀವ ಬಿಟ್ಟಿದ್ದ. ಸವದತ್ತಿ ಕಡೆಯಿಂದ ಗಿರಣಿ ಕೆಲಸಕ್ಕೆ ಬಂದು, ನಿವೃತ್ತನಾಗಿ, ಓಣಿಯವರು ಆರಿಸಿ ಕಳಿಸಿದ್ದರಿಂದ ನಗರಸಭೆಯ ಸದಸ್ಯನಾಗಿದ್ದವನು. ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಕಡೆಯ ಜಳಕದ ನೀರು ಸತ್ತವನು ಬದುಕಿದ ಓಣಿಯದೇ ಆಗಬೇಕು, ಕೊಂಡದ್ದಾಗಬಾರದು. ಅಕ್ಕಪಕ್ಕದ ಮನೆಗಳಲ್ಲಿ ಈಗ ಮೀಟರಿನ ನೀರು. ಅದೂ ಕೊಂಡದ್ದೇ.

*

ಮೂರು ವರ್ಷದ ಹಿಂದಿನ ಸಂಜೆ ಗೂಳಪ್ಪ ಸಭೆ ಮುಗಿಸಿ ನಗುತ್ತ ಮನೆಗೆ ಬಂದಿದ್ದ.

"ಹೊಸಾ ಪೈಪು, ದೊಡ್ಡ ಟಾಕಿ. ರಾತ್ರಿ ಹಗಲು ನೀರು ಬಿಡ್ತಾರಂತ."

"ರೊಕ್ಕ ಯಾರು ಕೊಡ್ತಾರ?" ಎಂದು ಸಕ್ಕುಬಾಯಿ ಕೇಳಿದ್ದಳು.

"ದೊಡ್ಡ ಬ್ಯಾಂಕು ಸಾಲ ಕೊಡತೈತಿ. ಆದ್ರ ನಗರಸಭೆಗೆ ಕೊಡಾಂಗಿಲ್ಲಂತ, ಕಂಪನಿ ಮಾಡಿದ್ರ ಕೊಡ್ತಾರಂತ. ಕಂಪನಿ ಅಂದ್ರ ನಮ್ಮದ. ಶೇರು ಸರಕಾರದ್ದು, ನಮ್ಮದು. ನೀರಿನ ಕೆಲಸ ಅಷ್ಟ ಅದಕ್ಕ ಒಪ್ಪಿಸೂದು."

ಒಪ್ಪಿಸಿದ್ದು ಮೂವತ್ತು ವರ್ಷಕ್ಕೆ. ಟಾಕಿ, ಪಂಪು, ಪೈಪು, ಓಣಿ ಓಣಿಯ ನಲ್ಲಿ ಎಲ್ಲ ಹೋದವು. ಹಾಗೆ ಒಪ್ಪಿಸುವ ಠರಾವು ಆ ಸಭೆಯ ಕೊನೆಯಲ್ಲಿ ಬಂದಿತ್ತು. ಚಹಾ ಬಂದಿತ್ತು, ಎಲ್ಲರಿಗೂ ಮನೆಯ ಅವಸರ. ಗೂಳಪ್ಪ ಒಂದೇ ಮಾತು ಕೇಳಿದ್ದ. "ಲೆಕ್ಕ ನಮ್ಮ ಸಭಾಕ್ಕ ಬರತೈತೇನ್ರಿ?" ಅಧಿಕಾರಿ ನಕ್ಕಿದ್ದರು. "ಅಧ್ಯಕ್ಷರೇ ಕಂಪನಿ ಮಂಡಳಿಯಲ್ಲಿ ಇರ್ತಾರಲ್ಲ, ಯಜಮಾನರೇ." ಗೂಳಪ್ಪ ಕೈ ಎತ್ತಿದ. ಎಲ್ಲರೂ ಎತ್ತಿದರು.

ಮಂಡಳಿಯಲ್ಲಿ ಏಳು ಕುರ್ಚಿ. ಆರರಲ್ಲಿ ಸರಕಾರ ನೇಮಿಸಿದ ಅಧಿಕಾರಿಗಳು, ಒಂದರಲ್ಲಿ ಅಧ್ಯಕ್ಷ ಶಂಕ್ರಪ್ಪ. ಟೆಂಡರು ಅಲ್ಲೇ ಆಯಿತು, ನೀರಿನ ದರ ಅಲ್ಲೇ ಏರಿತು. ಸಾಲಕ್ಕೆ ಜಾಮೀನು ಮಾತ್ರ ನಗರಸಭೆಯದು. ಕಂಪನಿ ಕಂತು ತಪ್ಪಿಸಿದಾಗ ಸರಕಾರ ನಗರಸಭೆಗೆ ಬರುವ ಅನುದಾನದಲ್ಲೇ ಮುರಿದುಕೊಂಡಿತು. ಓಣಿಯ ದೀಪ ಕೆಟ್ಟರೆ ಹಾಕಿಸಲು ದುಡ್ಡಿಲ್ಲ. ಕಡೆಗೆ, ಪುಕ್ಕಟೆ ನೀರು ನಷ್ಟ ಎಂದು ಓಣಿ ನಲ್ಲಿಗಳಿಗೆ ಬಿರಡೆ ಹಾಕಿದರು. ಓಣಿಯ ಹೆಂಗಸರು ಖಾಲಿ ಕೊಡಗಳನ್ನು ತಂದು ಗೂಳಪ್ಪನ ಕಟ್ಟೆಯ ಮೇಲೆ ಇಟ್ಟು ಹೋದರು.

ಮೊನ್ನೆ ಶನಿವಾರದ ಸಭೆಯಲ್ಲಿ ಗೂಳಪ್ಪ ಎದ್ದು ನಿಂತು ಕೂಗಿದ. ಅದು ಈ ಸಭೆಯ ವಿಷಯವಲ್ಲ, ಕಂಪನಿಗೆ ಅರ್ಜಿ ಕೊಡಿ ಎಂದು ಕೂಡಿಸಿದರು.

*

ಬಿಸಿಲು ಏರುವಷ್ಟರಲ್ಲಿ ಸಾಂಬ್ರಾಣಿ ಊರಿನಿಂದ ಬೀಗರು ಬಂದರು. ಹಾರ ಹಿಡಿದು ಶಂಕ್ರಪ್ಪ ಬಂದ, ಹಿಂದೆಯೇ ನಗರಸಭೆಯ ಸದಸ್ಯರೆಲ್ಲ ಬಂದು ಜಮಖಾನೆಯ ಮೇಲೆ ಕುಳಿತರು.

"ಹೊತ್ತಾತಲ್ಲ ಅಕ್ಕಾರ, ಇನ್ನೂ ಜಳಕ ಆಗಿಲ್ಲ?" ಎಂದ ಶಂಕ್ರಪ್ಪ.

"ನೀರಿಲ್ಲ. ನಲ್ಲಿ ಬಿಡಸ್ರಿ. ಊರಿಗೆ ಅಧ್ಯಕ್ಷರಲ್ಲ ನೀವು?"

ಶಂಕ್ರಪ್ಪ ಮೊಬೈಲು ಹಿಡಿದು ಅಂಗಳಕ್ಕೆ ಹೋದ, ತಿರುಗಿ ಬಂದ. "ಮ್ಯಾನೇಜರು ಒಂದು ಟ್ಯಾಂಕರ್ ಕಳಸ್ತಾರಂತ. ಬಿಲ್ ಹಾಕೂದಿಲ್ಲಂತ."

"ದಾನಾ ಕೊಡಾಕ ಹತ್ಯಾನೇನು ಅಂವಾ? ನಮ್ಮ ನೀರು ನಮಗ?"

"ಹಂಗಲ್ರೀ..."

"ಕೋರಂ ಐತಿಲ್ರೀ ಇಲ್ಲೆ? ಅವತ್ತು ಚಹಾ ಕುಡಕೋತ ಕೈ ಎತ್ತಿ ಕೊಟ್ರಿ. ಇವತ್ತ ಕೈ ಎತ್ತಿ ತಗೋರಿ. ನಲ್ಲಿ ಬಿಡಬೇಕು ಅನ್ನವರು ಎತ್ರಿ."

ಯಾರೂ ಎತ್ತಲಿಲ್ಲ. ಒಬ್ಬ ಜಮಖಾನೆಯ ದಾರ ಕೀಳತೊಡಗಿದ.

"ನಾವು ಠರಾವು ಮಾಡಿದ್ರೂ ಅವರು ಸಲಹಾ ಬಂತು ಅಂತ ಬರಕೋತಾರ, ಅಷ್ಟ," ಎಂದ ಶಂಕ್ರಪ್ಪ. "ಆರು ಮಂದಿ ಮುಂದ ನಾ ಒಬ್ಬನ ಏನ್ ಮಾಡ್ಲಿ?"

"ಬಾಯರೆ ಮಾಡ್ರಿ!" ನೆರೆಮನೆಯ ಮಹಾದೇವಕ್ಕ ಬಾಗಿಲಿಂದಲೇ ಅಂದಳು. "ಓಟಿಗೆ ಬಂದಾಗ ಬಾಯಿ ಭಾಳ ದೊಡ್ಡದಿತ್ತಲ್ಲ."

ಸಕ್ಕುಬಾಯಿ ಮಗನ ಕಡೆ ತಿರುಗಿದಳು. ಮೌನೇಶ ಗಿರಣಿಯಲ್ಲಿ ಫಿಟ್ಟರ್.

"ಪಾನಾ ತಗೊಂಡ್ ಬಾ."

"ಕೇಸ್ ಆಕ್ಕೈತಿ ನೋಡಪಾ," ಎಂದ ಶಂಕ್ರಪ್ಪ.

"ಆಗ್ಲಿ. ಕೋರ್ಟಿನ್ಯಾಗರೆ ಆ ಕಂಪನಿಯವರ ಮಾರಿ ನೋಡತೇವಿ," ಎಂದ ಮೌನೇಶ.

ಪಾನಾದ ಹಿಡಿತಕ್ಕೆ ಬಿರಡೆ ಕಿರುಗುಟ್ಟಿ ತಿರುಗಿತು. ಮೊದಲು ಗಾಳಿ, ಆಮೇಲೆ ತುಕ್ಕಿನ ಕೆಂಪು, ಆಮೇಲೆ ನೀರು. ಹೆಂಗಸರು ಕೊಡ ದಾಟಿಸಿದರು. ಸಕ್ಕುಬಾಯಿ ಗಂಡನ ಬಲಗೈಯನ್ನು ಬೇರೆಯಾಗಿ, ಬೆರಳು ಬೆರಳು ಬಿಡಿಸಿ ತಿಕ್ಕಿ ತೊಳೆದಳು. ಅವತ್ತು ಎತ್ತಿದ್ದ ಕೈ.

ಹೆಣ ಕೂಡಿಸಿದ ವಿಮಾನವನ್ನು ಹೆಗಲಿಗೆ ಎತ್ತುವಾಗ ಸದಸ್ಯರು ತಾವೇ ಮುಂದೆ ಬಂದರು. ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಸಕ್ಕುಬಾಯಿ ಒಂದೊಂದನ್ನೇ ನೋಡುತ್ತ ನಿಂತಳು.

ಗೂಳಪ್ಪ ಹೋದದ್ದು ಸೋಮವಾರ. ಗುರುವಾರ ಕಂಪನಿಯ ಆಳುಗಳು ಬಂದು ನಲ್ಲಿಯನ್ನು ಬುಡಸಮೇತ ಕಿತ್ತುಕೊಂಡು ಹೋದರು. ಆ ತಗ್ಗಿನ ಸುತ್ತ ಶುಕ್ರವಾರ ಬೆಳಿಗ್ಗೆ ಓಣಿಯ ಖಾಲಿ ಕೊಡಗಳು ಪಾಳಿ ಹಚ್ಚಿ ನಿಂತಿದ್ದವು. ಎಲ್ಲಕ್ಕೂ ಮುಂದೆ ಸಕ್ಕುಬಾಯಿಯದು.